ಬಿಲ್ಲನ್ನು ಡಾಲರಿನಲ್ಲೇ ಡಿಸ್ಕೌಂಟ್ ಮಾಡಿಸಿದ ಮೇಲೆ ಫಾರ್ವರ್ಡ್ ಬೇಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ. ರೋಟರ್‌ಡ್ಯಾಮಿನ ಒಬ್ಬ ಖರೀದಿದಾರರಿಗೆ ಮಂಗಳೂರು ಬಂದರಿನಿಂದ ಒಂದು ಇಪ್ಪತ್ತಡಿ ಕಂಟೈನರ್ ತಿರುಳು ಕಳಿಸುತ್ತಿದ್ದೇವೆ. ಬಿಲ್ಲು 1,05,000 ಡಾಲರ್, ಡಿ.ಎ. 90 ದಿನ, ಅಂದರೆ ಖರೀದಿದಾರರಿಗೆ ದಾಖಲೆ ಮೊದಲು, ನಮಗೆ ಹಣ 90 ದಿನದ ಮೇಲೆ. ಅವರ ಬ್ಯಾಂಕಿನ ಖಾತರಿ ಪತ್ರವಾದ ಎಲ್‌ಸಿ ಇಲ್ಲ. ಇಷ್ಟು ದಿನ ರೂಪಾಯಿಯಲ್ಲಿ ಸಾಲ ತೆಗೆಯುತ್ತಿದ್ದೆವು, ಬಡ್ಡಿ 9.25. ಈಗ ಮ್ಯಾನೇಜರ್, ಡಾಲರಿನಲ್ಲೇ ಬಿಲ್ ಡಿಸ್ಕೌಂಟ್ ಮಾಡಿಸಿ, 6.25ಕ್ಕೆ ಸಿಗುತ್ತದೆ, ಮೂರು ಪರ್ಸೆಂಟ್ ಉಳಿತಾಯ ಎನ್ನುತ್ತಾರೆ. ಮಂಗಳೂರಿನ ನಮ್ಮ ಭಾವ, ಡಾಲರ್ ಸಾಲ ಮಾಡಬೇಡ, ನಾಳೆ ಡಾಲರ್ 90 ಆದರೆ ಸಾಲವೂ ಬೆಳೆಯುತ್ತದೆ ಎನ್ನುತ್ತಾರೆ. ಹಾಗಿದ್ದರೆ ಭದ್ರತೆಗೆಂದು ಮೂರು ತಿಂಗಳ ಫಾರ್ವರ್ಡ್ ಕೂಡ, ಅಂದರೆ ಮುಂದೆ ಬರುವ ಡಾಲರನ್ನು ಈಗಲೇ ನಿಗದಿ ಮಾಡಿದ ದರಕ್ಕೆ ಮಾರುವ ಒಪ್ಪಂದವನ್ನೂ, ಬುಕ್ ಮಾಡಬೇಕೆ? ಕಳೆದ ಸಲ ಇದೇ ಖರೀದಿದಾರರು 40 ದಿನ ತಡಮಾಡಿ ಹಣ ಕಳಿಸಿದ್ದರು ಎನ್ನುವುದನ್ನೂ ಹೇಳಬೇಕು.

ಉತ್ತರ: ಡಿಸ್ಕೌಂಟ್ ಮಾಡಿಸಿದ ಮೊತ್ತಕ್ಕೆ ಫಾರ್ವರ್ಡ್ ಬುಕ್ ಮಾಡಬೇಡಿ. ಮಾಡಿದರೆ ಭದ್ರತೆಗೆ ಬದಲಾಗಿ ಹೊಸದೊಂದು ಅಪಾಯವನ್ನು ನೀವೇ ತಂದುಕೊಂಡಂತೆ. ನಿಮ್ಮ ಭಾವ ಹೇಳಿದ್ದು ಒಂದು ಸಂದರ್ಭದಲ್ಲಿ ಮಾತ್ರ ನಿಜ, ಮ್ಯಾನೇಜರ್ ಹೇಳಿದ ಮೂರು ಪರ್ಸೆಂಟ್ ಬಹುಮಟ್ಟಿಗೆ ಕಾಗದದ ಮೇಲಿನದು. ನಿಮ್ಮ ಬಿಲ್ಲಿನಲ್ಲಿ ನಿಜವಾಗಿ ಯೋಚಿಸಬೇಕಾದ ವಿಷಯ ನೀವು ಕೊನೆಗೆ ಬರೆದ ಸಾಲಿನಲ್ಲಿದೆ, ಆ 40 ದಿನಗಳಲ್ಲಿ.

ಮೊದಲು ಡಾಲರ್ ಡಿಸ್ಕೌಂಟ್ ಎಂದರೆ ಏನಾಗುತ್ತದೆ ಎಂದು ನೋಡೋಣ. ಬ್ಯಾಂಕಿನವರು ಇದನ್ನು ಇಬಿಆರ್ ಎಂದೋ ಪಿಎಸ್‌ಎಫ್‌ಸಿ ಎಂದೋ ಕರೆಯುತ್ತಾರೆ. ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹುಂಡಿ ಎಲ್ಲ ಸೇರಿಸಿ ನೀವು ಬ್ಯಾಂಕಿಗೆ ಕೊಡುತ್ತೀರಿ. ಬ್ಯಾಂಕು ಆ ಬಿಲ್ಲಿನ ಆಧಾರದ ಮೇಲೆ ನಿಮಗೆ ಡಾಲರ್ ಸಾಲ ಕೊಡುತ್ತದೆ. ಕೊಟ್ಟ ಡಾಲರನ್ನು ಅದೇ ದಿನ ಆ ದಿನದ ದರಕ್ಕೆ ಮಾರಿ ರೂಪಾಯಿ ಮಾಡಿ, ಸರಕು ಕಳಿಸುವ ಮುನ್ನ ನೀವು ತೆಗೆದ ಪ್ಯಾಕಿಂಗ್ ಕ್ರೆಡಿಟ್ ಸಾಲ ಇದ್ದರೆ ಅದಕ್ಕೆ ಜಮಾ ಮಾಡಿ, ಮಿಕ್ಕಿದ್ದನ್ನು ನಿಮ್ಮ ಖಾತೆಗೆ ಹಾಕುತ್ತದೆ. ಮೂರು ತಿಂಗಳ ಮೇಲೆ ರೋಟರ್‌ಡ್ಯಾಮಿನಿಂದ ಡಾಲರ್ ಬರುತ್ತದೆ. ಆ ಡಾಲರ್ ನೇರವಾಗಿ ಡಾಲರ್ ಸಾಲಕ್ಕೆ ಹೋಗುತ್ತದೆ, ನಡುವೆ ರೂಪಾಯಿ ಬರುವುದೇ ಇಲ್ಲ. ಆದ್ದರಿಂದ ಅಂದು ಡಾಲರ್ 85 ಇದ್ದರೂ 92 ಇದ್ದರೂ ಆ ಮೊತ್ತದ ಮಟ್ಟಿಗೆ ನಿಮಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಡಾಲರ್ 90 ಆದಾಗ ಸಾಲದ ರೂಪಾಯಿ ಬೆಲೆ ಬೆಳೆಯುತ್ತದೆ ಎಂಬುದು ಸರಿ, ಆದರೆ ಬಿಲ್ಲಿನ ರೂಪಾಯಿ ಬೆಲೆಯೂ ಅಷ್ಟೇ ಬೆಳೆದಿರುತ್ತದೆ.

ಅಂದರೆ ಡಿಸ್ಕೌಂಟ್ ಮಾಡಿಸಿದ ದಿನವೇ ನಿಮ್ಮ ದರ ನಿಗದಿಯಾಗಿ ಹೋಯಿತು. ಹೀಗೆ ಡಾಲರನ್ನು ಮಾರಿ ಆದ ಮೇಲೆ ಅದೇ ಬಿಲ್ಲನ್ನು ತೋರಿಸಿ ಫಾರ್ವರ್ಡ್ ಬುಕ್ ಮಾಡಿದರೆ, ಇಲ್ಲದ ಡಾಲರನ್ನು ಎರಡನೇ ಸಲ ಮಾರಿದ ಹಾಗಾಗುತ್ತದೆ. 88.50ಕ್ಕೆ ಒಂದು ಲಕ್ಷ ಡಾಲರ್ ಕೊಡುತ್ತೇನೆಂದು ಒಪ್ಪಿದ್ದೀರಿ ಎಂದುಕೊಳ್ಳಿ. ಗಡುವಿನ ದಿನ ರೋಟರ್‌ಡ್ಯಾಮಿನ ಡಾಲರ್ ಸಾಲಕ್ಕೆ ಹೋಯಿತು, ಫಾರ್ವರ್ಡಿಗೆ ಕೊಡಲು ಕೈಯಲ್ಲಿ ಡಾಲರ್ ಇಲ್ಲ. ಒಪ್ಪಂದ ರದ್ದು ಮಾಡಬೇಕು. ಅಂದು ಬ್ಯಾಂಕಿನ ಮಾರುವ ದರ 90 ಇದ್ದರೆ ಡಾಲರಿಗೆ ಒಂದೂವರೆ ರೂಪಾಯಿಯಂತೆ ಒಂದೂವರೆ ಲಕ್ಷ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ. ಡಾಲರ್ ಇಳಿದಿದ್ದರೆ ಲಾಭ ಬರಬಹುದಿತ್ತು ಎನ್ನಬಹುದು, ಆದರೆ ಅದು ರಫ್ತಿನ ರಕ್ಷಣೆಯಲ್ಲ, ಡಾಲರ್ ಇಳಿಯುತ್ತದೆ ಎಂದು ಕಟ್ಟಿದ ಪಣ. ಬಿಲ್ ನೋಡಿಕೊಳ್ಳುವ ಶಾಖೆ ಒಂದು, ಫಾರ್ವರ್ಡ್ ಬುಕ್ ಮಾಡುವ ವಿಭಾಗ ಇನ್ನೊಂದು ಆಗಿರುವಲ್ಲಿ ಈ ತಪ್ಪು ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ. ತಡೆಯಬೇಕಾದವರು ನೀವೇ.

ಇನ್ನು ಮೂರು ಪರ್ಸೆಂಟಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ, ಏಕೆಂದರೆ ಡಾಲರ್ ಸಾಲ ಅಗ್ಗವೋ ಅಲ್ಲವೋ ಎನ್ನುವುದು ಬಡ್ಡಿ ದರವೊಂದರಿಂದ ತಿಳಿಯುವುದಿಲ್ಲ.

ಇವತ್ತಿನ ದರ 88 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ಮೂರು ತಿಂಗಳ ನಂತರದ ಡಾಲರನ್ನು ಈಗಲೇ ಮಾರಲು ಒಪ್ಪಿದರೆ ಬ್ಯಾಂಕು 88.50 ಕೊಡುತ್ತದೆ ಎಂದಿರಲಿ. ಈ ಹೆಚ್ಚಿನ 50 ಪೈಸೆಯೇ ಫಾರ್ವರ್ಡ್ ಪ್ರೀಮಿಯಂ. ಡಾಲರ್ ಏರುತ್ತದೆ ಎಂಬ ಭವಿಷ್ಯ ಅದರಲ್ಲಿ ಅಡಗಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ರೂಪಾಯಿಯ ಬಡ್ಡಿ ಡಾಲರಿನ ಬಡ್ಡಿಗಿಂತ ಹೆಚ್ಚು ಇರುವುದರಿಂದ, ಆ ವ್ಯತ್ಯಾಸ ಮುಂದಿನ ದಿನಾಂಕದ ದರದಲ್ಲಿ ಸೇರಿಕೊಂಡಿರುತ್ತದೆ. ಡಾಲರ್ ಬರುವ ತನಕ ಕಾಯುವವನಿಗೆ ಸಿಗುವ ಕೂಲಿ ಅದು. ನೀವು ಡಾಲರ್ ಸಾಲ ತೆಗೆದು ಇವತ್ತೇ ಮಾರಿದರೆ ಆ 50 ಪೈಸೆ ನಿಮಗಿಲ್ಲ. ಕಡಿಮೆ ಬಡ್ಡಿಯ ಬೆಲೆಯನ್ನು ನೀವು ಕೊಡುವುದು ಅಲ್ಲಿ.

ನಿಮ್ಮ ಬಿಲ್ಲಿನಲ್ಲಿ ಬ್ಯಾಂಕು 5,000 ಡಾಲರನ್ನು ಮಾರ್ಜಿನ್ ಎಂದು ಸಾಲಕ್ಕೆ ಸೇರಿಸದೆ ಬಿಟ್ಟು 1,00,000 ಡಾಲರಿಗೆ ಸಾಲ ಕೊಡುತ್ತದೆ ಎನ್ನೋಣ. ಲೆಕ್ಕ ಸುಲಭವಾಗಲೆಂದು ಸಾಲದ ದಿನದಿಂದ ಗಡುವಿಗೆ ಸರಿಯಾಗಿ 90 ದಿನ ಇದೆ ಎಂದು ಇಟ್ಟುಕೊಳ್ಳುತ್ತೇನೆ. ಡಾಲರ್ ಸಾಲಕ್ಕೆ ವರ್ಷಕ್ಕೆ 360 ದಿನವೆಂದು ಬಡ್ಡಿ ಹಾಕುವುದು ರೂಢಿ. 6.25ರಂತೆ 90 ದಿನಕ್ಕೆ ಬಡ್ಡಿ 1,562.50 ಡಾಲರ್. ಇದನ್ನು ಮೊದಲೇ ಹಿಡಿದುಕೊಂಡರೆ ನಿಮಗೆ 98,437.50 ಡಾಲರ್ ಸಿಗುತ್ತದೆ. 88ರಂತೆ ಕೈಗೆ ಬರುವುದು 86,62,500 ರೂಪಾಯಿ.

ಇದಕ್ಕೆ ಎದುರಾಗಿ, ರೂಪಾಯಿ ಸಾಲ ತೆಗೆದು ಜೊತೆಗೆ ಮೂರು ತಿಂಗಳ ಫಾರ್ವರ್ಡ್ ಮಾಡಿದರೆ ಎಷ್ಟು? ಆ ಒಂದು ಲಕ್ಷ ಡಾಲರಿಗೆ 88.50ರಂತೆ ಕೊನೆಗೆ ಬರುವುದು 88,50,000. ಅದರ ಮೇಲೆ 9.25ರಂತೆ 365 ದಿನದ ಲೆಕ್ಕದಲ್ಲಿ 90 ದಿನದ ಬಡ್ಡಿ ಸುಮಾರು 2,01,850. ಬಡ್ಡಿ ಕಳೆದು ಇವತ್ತು ಕೈಗೆ ಬರುವುದು ಸುಮಾರು 86,48,150 ರೂಪಾಯಿ.

ಎರಡಕ್ಕೂ ಇರುವ ವ್ಯತ್ಯಾಸ ಸುಮಾರು 14,350 ರೂಪಾಯಿ. ಮೂರು ಪರ್ಸೆಂಟ್ ಎಂದಾಗ ನಿಮ್ಮ ಮನಸ್ಸಿನಲ್ಲಿ ಬಂದಿದ್ದು ಸುಮಾರು 65,000 ಇರಬೇಕು. ಉಳಿತಾಯ ಇದೆ, ಆದರೆ ಅದರ ಐದನೇ ಒಂದು ಪಾಲಿನಷ್ಟು. ಮ್ಯಾನೇಜರ್ ಸುಳ್ಳು ಹೇಳಿದ್ದಲ್ಲ, ಎರಡು ಬಡ್ಡಿಗಳನ್ನು ಅಕ್ಕಪಕ್ಕ ಇಟ್ಟು ಕಳೆದರು, ಅಷ್ಟೆ.

ಇದೇ ಲೆಕ್ಕವನ್ನು ಹಿಂದಕ್ಕೆ ಮಾಡಿದರೆ ಒಂದು ಉಪಯೋಗದ ಸಂಖ್ಯೆ ಸಿಗುತ್ತದೆ. ಈ ಬಡ್ಡಿ ದರಗಳಲ್ಲಿ ಮೂರು ತಿಂಗಳ ಪ್ರೀಮಿಯಂ ಸುಮಾರು 65 ಪೈಸೆಗಿಂತ ಕಡಿಮೆ ಇರುವ ತನಕ ಡಾಲರ್ ಸಾಲ ಅಗ್ಗ. ಅದಕ್ಕಿಂತ ಹೆಚ್ಚಾದರೆ ರೂಪಾಯಿ ಸಾಲದ ಜೊತೆ ಫಾರ್ವರ್ಡ್ ಅಗ್ಗ. ಬ್ಯಾಂಕಿಗೆ ಹೋದಾಗ ಬಡ್ಡಿ ಎಷ್ಟು ಎಂದು ಕೇಳುವ ಜೊತೆಗೆ, ಇವತ್ತು ಮೂರು ತಿಂಗಳ ಪ್ರೀಮಿಯಂ ಎಷ್ಟು ಪೈಸೆ ಎಂದೂ ಕೇಳಿ. ಅದು ಗೊತ್ತಿಲ್ಲದೆ ಹೋಲಿಕೆ ಮಾಡಲು ಬರುವುದಿಲ್ಲ.

ಇಲ್ಲಿ ಇನ್ನೆರಡು ವಿಷಯ ಲೆಕ್ಕವನ್ನು ತಿರುಗಿಸಿಬಿಡಬಹುದು. ರಫ್ತು ಸಾಲಕ್ಕೆ ಕೇಂದ್ರ ಸರಕಾರದ ಬಡ್ಡಿ ಸಹಾಯಧನ ಇದ್ದಾಗ ಅದು ಸಿಗುತ್ತಿದ್ದದ್ದು ರೂಪಾಯಿ ಸಾಲಕ್ಕೆ, ಡಾಲರ್ ಸಾಲಕ್ಕಲ್ಲ. ಬಡ್ಡಿ ಸಮೀಕರಣ ಯೋಜನೆ ಎಂಬ ಹಳೆಯ ಯೋಜನೆ 2024ರ ಡಿಸೆಂಬರಿಗೆ ಮುಗಿಯಿತು. ನೀವು ಬಿಲ್ ಕೊಡುವ ದಿನ ನಿಮ್ಮ ಸರಕಿಗೆ ಅಂಥ ಸಹಾಯಧನ ಜಾರಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಒಂದೇ ಒಂದು ಪರ್ಸೆಂಟ್ ಸಿಕ್ಕರೂ 90 ದಿನಕ್ಕೆ ಸುಮಾರು 21,800 ರೂಪಾಯಿ ಆಗುತ್ತದೆ, ಡಾಲರ್ ಸಾಲದ ಉಳಿತಾಯಕ್ಕಿಂತ ಅದೇ ಹೆಚ್ಚು.

ಎರಡನೆಯದು, ಬ್ಯಾಂಕು ನಿಮ್ಮ ಡಾಲರನ್ನು ಯಾವ ದರಕ್ಕೆ ಕೊಂಡುಕೊಂಡಿತು ಎನ್ನುವುದು. ಡಿಸ್ಕೌಂಟ್ ಆದ ಮೇಲೆ ಬ್ಯಾಂಕು ಕಳಿಸುವ ಅಡ್ವೈಸ್ ಕಾಗದವನ್ನು ಒಮ್ಮೆ ಬಿಡಿಸಿ ನೋಡಿ. ಬಿಲ್ಲಿನ ಮೊತ್ತ, ಸಾಲದ ಮೊತ್ತ, ಕಡಿದ ಬಡ್ಡಿ, ವಿನಿಮಯ ದರ, ಕೊನೆಗೆ ಜಮಾ ಆದ ರೂಪಾಯಿ, ಇಷ್ಟು ಇರುತ್ತದೆ. ಎಲ್ಲರ ಕಣ್ಣು ಹೋಗುವುದು ಬಡ್ಡಿಯ ಮೇಲೆ. ನಾಲ್ಕನೇ ಸಾಲಿನಲ್ಲಿರುವ ದರ ಮಾರುಕಟ್ಟೆಯ ದರಕ್ಕಿಂತ 20 ಪೈಸೆ ಕಡಿಮೆ ಇದ್ದರೆ 98,437 ಡಾಲರಿಗೆ ಅದು 19,687 ರೂಪಾಯಿ. ಮೇಲೆ ಕಷ್ಟಪಟ್ಟು ಲೆಕ್ಕ ಹಾಕಿದ 14,350 ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಶಾಖೆಗೆ ಬರುವ ಕಾರ್ಡ್ ದರ ಚಿಲ್ಲರೆ ವ್ಯವಹಾರಕ್ಕಾಗಿ ಇರುವಂಥದ್ದು, ನಿಮ್ಮ ಮೊತ್ತಕ್ಕೆ ಅದನ್ನು ಒಪ್ಪಬೇಕಾಗಿಲ್ಲ. ಬ್ಯಾಂಕಿನಲ್ಲಿ ಡಾಲರ್ ವ್ಯವಹಾರ ನೋಡಿಕೊಳ್ಳುವ ಟ್ರೆಜರಿ ವಿಭಾಗದಿಂದ ಆ ಹೊತ್ತಿನ ದರ ತರಿಸಿ, ಆ ದರದಲ್ಲಿ ಬ್ಯಾಂಕು ತನಗೆಂದು ಹಿಡಿಯುವ ಮಾರ್ಜಿನ್ ಎಷ್ಟು ಪೈಸೆ ಎಂದು ಬರಹದಲ್ಲಿ ಪಡೆಯಿರಿ. ಇದಕ್ಕೆಂದೇ 2019ರಿಂದ FX-Retail ಎಂಬ ವೇದಿಕೆ ಇದೆ, ಬ್ಯಾಂಕುಗಳ ನಡುವಿನ ವ್ಯವಹಾರಗಳ ತೀರುವಳಿ ಮಾಡುವ ಸಿಸಿಐಎಲ್ ಸಂಸ್ಥೆಯ ಅಂಗಸಂಸ್ಥೆ ನಡೆಸುವುದು. ನಿಮ್ಮ ಬ್ಯಾಂಕಿನ ಮೂಲಕವೇ ಹೆಸರು ನೋಂದಾಯಿಸಬೇಕು. ಅಲ್ಲಿ ಮಾರುಕಟ್ಟೆಯ ದರ ನಿಮಗೂ ಕಾಣುತ್ತದೆ, ಬ್ಯಾಂಕು ಅದರ ಮೇಲೆ ಮೊದಲೇ ಹೇಳಿದ ಶುಲ್ಕವನ್ನು ಮಾತ್ರ ಹಾಕುತ್ತದೆ. ವ್ಯವಹಾರ ಅಲ್ಲಿ ಮಾಡದಿದ್ದರೂ ದರ ತಿಳಿದು ಮಾತಾಡುವುದಕ್ಕೆ ಅದು ಸಾಕು.

ಹಾಗಾದರೆ ಫಾರ್ವರ್ಡ್ ಎಲ್ಲಿಯೂ ಬೇಡವೆ? ಬೇಕು, ಆದರೆ ನೀವು ಅಂದುಕೊಂಡ ಅವಧಿಗಲ್ಲ. ದರದ ಅಪಾಯ ಶುರುವಾಗುವುದು ಕಂಟೈನರ್ ಹಡಗು ಹತ್ತಿದಾಗ ಅಲ್ಲ, ಖರೀದಿದಾರರೊಂದಿಗೆ ಒಂದು ಪೌಂಡ್ ತೂಕಕ್ಕೆ ಇಷ್ಟು ಡಾಲರ್ ಎಂದು ಬೆಲೆ ಮುಗಿಸಿದ ಹೊತ್ತಿನಲ್ಲೇ. ಇಪ್ಪತ್ತಡಿ ಕಂಟೈನರಿಗೆ 700 ಪೆಟ್ಟಿಗೆ, ಪೆಟ್ಟಿಗೆಗೆ 50 ಪೌಂಡ್, ಒಟ್ಟು 35,000 ಪೌಂಡ್. ನಿಮ್ಮ ಬಿಲ್ಲು ನೋಡಿದರೆ ಸರಾಸರಿ ಮೂರು ಡಾಲರಿಗೆ ಮಾತಾಗಿದೆ. ಅಂದಿನಿಂದ ಬೀಜ ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಡಬ್ಬಕ್ಕೆ ತುಂಬಿ, ಕಂಟೈನರ್ ಪಣಂಬೂರಿಗೆ ಹೋಗಿ, ಬಿಲ್ ಆಫ್ ಲೇಡಿಂಗ್ ಕೈಗೆ ಬಂದು, ದಾಖಲೆ ಬ್ಯಾಂಕಿಗೆ ತಲುಪುವ ತನಕ ನಿಮ್ಮ ಡಾಲರಿಗೆ ಯಾವ ರಕ್ಷಣೆಯೂ ಇಲ್ಲ. ಅದು ಒಂದೂವರೆ ತಿಂಗಳಾಗಬಹುದು. ಆ ಅವಧಿಯಲ್ಲಿ ಡಾಲರ್ ಒಂದು ರೂಪಾಯಿ ಇಳಿದರೆ ಒಂದು ಲಕ್ಷ ಹೋಯಿತು.

ಫಾರ್ವರ್ಡ್ ಬೇಕಿರುವುದು ಆ ಒಂದೂವರೆ ತಿಂಗಳಿಗೆ. ಅದರ ಗಡುವನ್ನು ಖರೀದಿದಾರ ಹಣ ಕೊಡುವ ದಿನಕ್ಕೆ ಇಡಬೇಡಿ, ನೀವು ಬಿಲ್ ಡಿಸ್ಕೌಂಟ್ ಮಾಡಿಸುವ ದಿನಕ್ಕೆ ಇಡಿ. ಡಿಸ್ಕೌಂಟಿನಿಂದ ಬಂದ ಡಾಲರನ್ನು ಆ ಫಾರ್ವರ್ಡಿಗೆ ಕೊಟ್ಟರೆ ಅದು ಅಲ್ಲಿಗೆ ಮುಗಿಯುತ್ತದೆ. ಮೊತ್ತವೂ 1,05,000 ಅಲ್ಲ. ಮಾರ್ಜಿನ್ ಮತ್ತು ಬಡ್ಡಿ ಕಳೆದ ಮೇಲೆ ನಿಮ್ಮ ಕೈಗೆ ಬರುವುದು 98,437 ಡಾಲರ್, ಹಾಗಾಗಿ 95,000ಕ್ಕೆ ಬುಕ್ ಮಾಡಿದರೆ ಕೊರತೆಯ ಭಯ ಇರುವುದಿಲ್ಲ. ಹಡಗು ಎರಡು ವಾರ ತಡವಾಗುವುದು ಸಾಮಾನ್ಯ, ಆದ್ದರಿಂದ ಒಂದೇ ದಿನಾಂಕದ ಬದಲು ಇಂಥ ದಿನದಿಂದ ಇಂಥ ದಿನದೊಳಗೆ ಕೊಡುತ್ತೇನೆ ಎಂಬ ಆಪ್ಷನ್ ಅವಧಿಯ ಫಾರ್ವರ್ಡ್ ಕೇಳಿ. ಅದರಲ್ಲಿ ಬ್ಯಾಂಕು ನಿಮಗೆ ಪ್ರೀಮಿಯಂ ಕೊಡುವುದು ಅವಧಿಯ ಮೊದಲ ದಿನದ ವರೆಗೆ ಮಾತ್ರ. ಕೆಲವು ಪೈಸೆ ಕಡಿಮೆಯಾಗುತ್ತದೆ, ಆದರೂ ಸರಿಯೇ.

ಹಣ ಬರುವ ದಿನಕ್ಕೆಂದು ಮೂರು ನಾಲ್ಕು ತಿಂಗಳ ಫಾರ್ವರ್ಡನ್ನು ಈಗಾಗಲೇ ಮಾಡಿಬಿಟ್ಟವರು ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಡಿಸ್ಕೌಂಟಿನ ಡಾಲರನ್ನು ಅದಕ್ಕೇ ಮುಂಚಿತವಾಗಿ ಕೊಡಲು ಬ್ಯಾಂಕು ಒಪ್ಪುತ್ತದೆ. ಉಳಿದ ಅವಧಿಯ ಪ್ರೀಮಿಯಂ ಮತ್ತು ಒಂದಿಷ್ಟು ಶುಲ್ಕ ಹಿಡಿದುಕೊಳ್ಳುತ್ತದೆ. 88.50ರ ಒಪ್ಪಂದ 88ರ ಆಸುಪಾಸಿಗೆ ಇಳಿಯುತ್ತದೆ. ಕಡಿಮೆ ಬಡ್ಡಿಯೂ ಬೇಕು, ಪೂರ್ತಿ ಪ್ರೀಮಿಯಮ್ಮೂ ಬೇಕು ಎಂದರೆ ಆಗುವುದಿಲ್ಲ. ಮಾಡಬಾರದ್ದು ಒಂದೇ, ಅದನ್ನು ಹಾಗೆಯೇ ಬಿಟ್ಟು ಡಿಸ್ಕೌಂಟಿನ ಡಾಲರನ್ನು ಬೇರೆಯಾಗಿ ಮಾರುವುದು.

ಮಾರ್ಜಿನ್ನಿನ 5,000 ಡಾಲರ್ ಉಳಿಯಿತು. ಅದಕ್ಕೆ ರಕ್ಷಣೆ ಇಲ್ಲ, ಬೇಕಾಗಿಯೂ ಇಲ್ಲ. ಡಾಲರ್ ಎರಡು ರೂಪಾಯಿ ಆಚೀಚೆ ಆದರೂ ಹತ್ತು ಸಾವಿರದ ಮಾತು. ವಿದೇಶಿ ಬ್ಯಾಂಕಿನ ಕಮಿಷನ್, ತೇವಾಂಶ ಹೆಚ್ಚಿತ್ತು, ತುಂಡು ಜಾಸ್ತಿ ಬಂತು ಎಂದು ಖರೀದಿದಾರ ಕಡಿಯುವ ಮೊತ್ತ, ಎಲ್ಲ ಅದರಲ್ಲೇ ಹೋಗಬೇಕು. ಕಡಿತ 5,000 ದಾಟಿದರೆ ಕೊರತೆ ಬಿದ್ದ ಡಾಲರನ್ನು ನೀವು ಬ್ಯಾಂಕಿನಿಂದ ಮಾರುವ ದರಕ್ಕೆ ಕೊಂಡು ಸಾಲ ತೀರಿಸಬೇಕಾಗುತ್ತದೆ.

ಈಗ ಆ 40 ದಿನ.

ಡಾಲರ್ ಡಿಸ್ಕೌಂಟ್ ದರದ ಅಪಾಯವನ್ನು ತೆಗೆದುಹಾಕುವುದು ಖರೀದಿದಾರ ಹಣ ಕೊಟ್ಟಾಗ ಮಾತ್ರ. ಬಿಲ್ಲಿನ ಡಾಲರ್ ಮತ್ತು ಸಾಲದ ಡಾಲರ್ ಒಂದಕ್ಕೊಂದು ಸರಿಹೊಂದುವುದರ ಮೇಲೆ ಎಲ್ಲ ನಿಂತಿದೆ. ಡಿ.ಎ. ಬಿಲ್ಲಿನಲ್ಲಿ ಖರೀದಿದಾರ ಹುಂಡಿಗೆ ಸಹಿ ಹಾಕಿ ದಾಖಲೆ ಪಡೆದು ಸರಕು ಬಿಡಿಸಿಕೊಂಡಿರುತ್ತಾನೆ. ಎಲ್‌ಸಿ ಇಲ್ಲದ್ದರಿಂದ ಅವನ ಹಿಂದೆ ಯಾವ ಬ್ಯಾಂಕೂ ಇಲ್ಲ. ನಿಮ್ಮ ಬ್ಯಾಂಕು ಕೊಟ್ಟ ಸಾಲವೂ ಸಾಮಾನ್ಯವಾಗಿ ನಿಮ್ಮ ಮೇಲೆ ಮರುಹಕ್ಕು ಇರುವಂಥದ್ದೇ. ಅಲ್ಲಿಂದ ಬರದಿದ್ದರೆ ನಿಮ್ಮಿಂದ ವಸೂಲಿ.

ಗಡುವು ದಾಟಿದ ಮೊದಲ ಕೆಲವು ದಿನ ಆಗುವುದು ಬಡ್ಡಿ ಏರುವುದು ಮಾತ್ರ. 6.25ರ ಮೇಲೆ ಎರಡು ಪರ್ಸೆಂಟ್ ಸೇರಿಸಿ 8.25 ಆಯಿತು ಎನ್ನೋಣ. 40 ದಿನಕ್ಕೆ 917 ಡಾಲರ್ ಹತ್ತಿರ. ಮಾರ್ಜಿನ್ನಿನಿಂದ ಹೋಗುತ್ತದೆ, ನೋವಾಗುತ್ತದೆ, ಆದರೆ ತಡೆದುಕೊಳ್ಳಬಹುದು.

ತಡೆದುಕೊಳ್ಳಲು ಕಷ್ಟವಾಗುವುದು ಕ್ರಿಸ್ಟಲೈಸೇಶನ್. ಗಡುವು ದಾಟಿ ಇಷ್ಟು ದಿನವಾದರೂ ಹಣ ಬರದಿದ್ದರೆ ಬ್ಯಾಂಕು ಆ ಡಾಲರ್ ಸಾಲವನ್ನು ಅಂದಿನ ಟಿಟಿ ಸೆಲ್ಲಿಂಗ್ ದರದಲ್ಲಿ, ಅಂದರೆ ತಾನು ಡಾಲರ್ ಮಾರುವ ದರದಲ್ಲಿ, ರೂಪಾಯಿ ಸಾಲವಾಗಿ ಬದಲಾಯಿಸಿ ನಿಮ್ಮ ಖಾತೆಗೆ ಖರ್ಚು ಹಾಕುತ್ತದೆ. ಎಷ್ಟು ದಿನ ಎಂಬುದು ಆಯಾ ಬ್ಯಾಂಕಿನ ನೀತಿ. ಹಿಂದೆ 30ನೇ ದಿನ ಎಂಬ ರೂಢಿಯಿತ್ತು, ಈಗಲೂ ಕೆಲವೆಡೆ ಹಾಗೆಯೇ ಇದೆ. ನಿಮ್ಮ ಖರೀದಿದಾರರ ಅಭ್ಯಾಸ 40 ದಿನ ತಡ. ಎರಡೂ ಸೇರಿದರೆ ಏನಾಗುತ್ತದೆ ನೋಡಿ.

ಗಡುವಿನ ನಂತರ 30ನೇ ದಿನ ಡಾಲರ್ ಏರಿದೆ, ಟಿಟಿ ಸೆಲ್ಲಿಂಗ್ 90.20. ಒಂದು ಲಕ್ಷ ಡಾಲರಿಗೆ 90,20,000 ರೂಪಾಯಿ ನಿಮ್ಮ ಕ್ಯಾಶ್ ಕ್ರೆಡಿಟ್ ಖಾತೆಗೆ ಬಿತ್ತು. ಹತ್ತು ದಿನದ ಮೇಲೆ ರೋಟರ್‌ಡ್ಯಾಮಿನಿಂದ ಹಣ ಬಂತು. ಅಷ್ಟರಲ್ಲಿ ಡಾಲರ್ ತುಸು ಇಳಿದು ಬ್ಯಾಂಕು ಕೊಳ್ಳುವ ದರ 88.80 ಆಗಿದೆ. ಆ ಒಂದು ಲಕ್ಷಕ್ಕೆ ನಿಮಗೆ ಸಿಕ್ಕಿದ್ದು 88,80,000. ನಷ್ಟ 1,40,000 ರೂಪಾಯಿ, ಮೇಲೆ ಹತ್ತು ದಿನದ ರೂಪಾಯಿ ಬಡ್ಡಿ. ಖರೀದಿದಾರ ಪೂರ್ತಿ ಹಣ ಕೊಟ್ಟಿದ್ದಾನೆ, ಒಂದು ಡಾಲರ್ ಕಡಿಮೆ ಮಾಡಿಲ್ಲ. ಅದೇ ಹಣ 29ನೇ ದಿನ ಬಂದಿದ್ದರೆ ಡಾಲರಿಗೆ ಡಾಲರ್ ತೀರಿ ದರದ ನಷ್ಟ ಸೊನ್ನೆ.

ಇಲ್ಲೊಂದು ತಿರುವು ಇದೆ, ಅದನ್ನು ಗಮನಿಸಬೇಕು. ಕ್ರಿಸ್ಟಲೈಸ್ ಆಗುವ ತನಕ ಹಣ ಬಾರದವನಿಗೆ ಇದ್ದ ಭಯ ಡಾಲರ್ ಏರುವುದರದ್ದು. ಆದ ಮರುಕ್ಷಣ ಸಾಲ ರೂಪಾಯಿಯಲ್ಲಿ, ಬರಬೇಕಾದ್ದು ಡಾಲರಿನಲ್ಲಿ, ಆದ್ದರಿಂದ ಭಯ ಡಾಲರ್ ಇಳಿಯುವುದರದ್ದು. ನಿಮ್ಮ ಭಾವನವರ ಮಾತು ಹೊಂದುವುದು ಮೊದಲನೆಯದಕ್ಕೆ. ಎರಡನೆಯದರಲ್ಲಿ ಫಾರ್ವರ್ಡಿಗೆ ನಿಜವಾದ ಕೆಲಸ ಇದೆ: ಖರೀದಿದಾರ ಹಣ ಕಳಿಸುವ ದಿನವನ್ನು ಖಚಿತಪಡಿಸಿದ್ದರೆ, ಕ್ರಿಸ್ಟಲೈಸ್ ಆದ ದಿನವೇ ಆ ಡಾಲರನ್ನು ಫಾರ್ವರ್ಡ್ ಮಾರಿಬಿಡಿ. ಆಗ ನಷ್ಟ ಕೊಳ್ಳುವ ಮತ್ತು ಮಾರುವ ದರದ ನಡುವಿನ ಹತ್ತಿಪ್ಪತ್ತು ಪೈಸೆಗೆ ನಿಲ್ಲುತ್ತದೆ. ದಿನ ಖಚಿತವಿಲ್ಲದಿದ್ದರೆ ಮಾಡಬೇಡಿ, ಬಾರದ ಡಾಲರನ್ನು ಮಾರಿದ ಹಳೆಯ ತೊಂದರೆಗೇ ಮತ್ತೆ ಸಿಕ್ಕಿಬೀಳುತ್ತೀರಿ.

ಅಲ್ಲಿಯ ತನಕ ಹೋಗದಂತೆ ತಡೆಯುವುದು ಒಳ್ಳೆಯದು. ನಿಮ್ಮ ಮಂಜೂರಾತಿ ಪತ್ರ ಹತ್ತಾರು ಪುಟದ ಇಂಗ್ಲಿಷಿನಲ್ಲಿ ಇರುತ್ತದೆ, ಕ್ರಿಸ್ಟಲೈಸೇಶನ್ನಿನ ದಿನ ಅದರಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಇರುತ್ತದೆ, ಅಥವಾ ಬ್ಯಾಂಕಿನ ನೀತಿಯಂತೆ ಎಂದಷ್ಟೇ ಇರುತ್ತದೆ. ಎಷ್ಟನೇ ದಿನ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಗಡುವಿಗೆ ಹತ್ತು ದಿನ ಇರುವಾಗ ಖರೀದಿದಾರರಿಗೆ ಇಮೇಲ್ ಹಾಕಿ ಹಣ ಕಳಿಸುವ ದಿನ ಕೇಳಿ. ತಡ ಎಂದು ತಿಳಿದರೆ ಆ ಉತ್ತರವನ್ನೇ ಇಟ್ಟುಕೊಂಡು, ಗಡುವಿನ ದಿನಕ್ಕೆ ಮುಂಚೆ, ಅವಧಿ ವಿಸ್ತರಿಸಲು ಬ್ಯಾಂಕಿಗೆ ಅರ್ಜಿ ಕೊಡಿ. ಗಡುವಿಗೆ ಮುಂಚೆ ಕೊಟ್ಟ ಅರ್ಜಿ ವಿಸ್ತರಣೆಯ ಅರ್ಜಿ, ದಾಟಿದ ಮೇಲೆ ಕೊಟ್ಟದ್ದು ಬಾಕಿದಾರನ ಅರ್ಜಿ. ಬ್ಯಾಂಕಿನವರು ಇವೆರಡನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತಾರೆ. ಬದಿಯಡ್ಕದಂಥ ಕಡೆಯ ಶಾಖೆಗೆ ವಿದೇಶಿ ವಿನಿಮಯದ ಅಧಿಕಾರ ಇಲ್ಲದೆ ಕಾಗದ ಬೇರೆ ಊರಿನ ಶಾಖೆಗೆ ಹೋಗಬೇಕಾಗಿದ್ದರೆ ಆ ಮೂರು ನಾಲ್ಕು ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು ಬಿಲ್ಲಿನ ಡಾಲರ್ ಆ ಹೊತ್ತಿಗೆ ಬಂದಿದ್ದರೆ ಅದನ್ನು ಈ ಸಾಲಕ್ಕೆ ಹೊಂದಿಸಲು ಬ್ಯಾಂಕು ಒಪ್ಪುತ್ತದೆಯೇ ಎಂದೂ ವಿಚಾರಿಸಬಹುದು.

ಇದಕ್ಕಿಂತ ಮೊದಲೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಖರೀದಿದಾರರಿಗೆ ನಿಜವಾಗಿ ಬೇಕಿರುವುದು 120 ದಿನ ಎಂದು ಕಾಣುತ್ತದೆ. ಮುಂದಿನ ಮಾತುಕತೆಯಲ್ಲಿ 120 ದಿನವೆಂದೇ ಬರೆದು, ಬೆಲೆಯಲ್ಲಿ ಅದನ್ನು ಸೇರಿಸಿ. ಒಂದು ಲಕ್ಷ ಡಾಲರಿಗೆ ಹೆಚ್ಚುವರಿ 30 ದಿನದ ಬಡ್ಡಿ 521 ಡಾಲರ್, 35,000 ಪೌಂಡಿಗೆ ಹಂಚಿದರೆ ಪೌಂಡಿಗೆ ಒಂದೂವರೆ ಸೆಂಟ್. ಗ್ರೇಡಿನ ಚರ್ಚೆಯಲ್ಲೇ ಅಷ್ಟು ಆಚೀಚೆ ಆಗುತ್ತದೆ. 90 ಎಂದು ಬರೆದು 130ಕ್ಕೆ ಪಡೆಯುವುದಕ್ಕಿಂತ 120 ಎಂದು ಬರೆದು ಪಡೆಯುವುದು ಬ್ಯಾಂಕಿನಲ್ಲಿ ನಿಮ್ಮ ಹೆಸರನ್ನೂ ಉಳಿಸುತ್ತದೆ. ಬರೆಯುವಾಗ ಬಿಲ್ ಆಫ್ ಲೇಡಿಂಗ್ ದಿನಾಂಕದಿಂದ ಎಂದು ಬರೆಯಿರಿ. ದಾಖಲೆ ನೋಡಿದ ದಿನದಿಂದ ಎಂದಿದ್ದರೆ ಬ್ಯಾಂಕು ಅಂಚೆ ಮತ್ತು ದಾಟುವಿಕೆಗೆಂದು ಸಾಮಾನ್ಯವಾಗಿ 25 ದಿನ ಸೇರಿಸಿ ಗಡುವು ಅಂದಾಜು ಮಾಡುತ್ತದೆ, ಆ ದಿನಗಳ ಬಡ್ಡಿಯೂ ನಿಮ್ಮದೇ.

ಹಣ ಬರದೇ ಹೋದರೆ ಎನ್ನುವುದಕ್ಕೆ ಒಂದು ಮಾತು. ರಫ್ತಿಗೆ ವಿಮೆ ಕೊಡುವ ಸರಕಾರಿ ಸಂಸ್ಥೆ ಇಸಿಜಿಸಿಯ ಪ್ರೀಮಿಯಂ ಎಂದು ಬ್ಯಾಂಕು ಹಣ ಹಿಡಿದಿದೆ, ಹಾಗಾಗಿ ನನಗೆ ವಿಮೆ ಇದೆ ಎಂದು ನಂಬಿ ಕುಳಿತವರು ಅನೇಕರು. ಬ್ಯಾಂಕು ತೆಗೆದುಕೊಳ್ಳುವ ಆ ವಿಮೆ ಬ್ಯಾಂಕಿನ ಸಾಲಕ್ಕೆ ರಕ್ಷಣೆ, ನಿಮಗಲ್ಲ. ಬ್ಯಾಂಕಿಗೆ ಪರಿಹಾರ ಸಿಕ್ಕ ಮೇಲೂ ನಿಮ್ಮ ಸಾಲ ನಿಮ್ಮ ಮೇಲೆ ಇರುತ್ತದೆ. ರಫ್ತುದಾರರಾಗಿ ನಿಮ್ಮ ಹೆಸರಿನಲ್ಲಿ ಬೇರೆ ಪಾಲಿಸಿ ಬೇಕು, ಅದರಲ್ಲಿ ಈ ಖರೀದಿದಾರರ ಮೇಲೆ ಮಿತಿ ಮಂಜೂರಾಗಿರಬೇಕು, ತಡವಾದಾಗ ಪಾಲಿಸಿಯಲ್ಲಿ ಹೇಳಿದ ದಿನಗಳೊಳಗೆ ತಿಳಿಸಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ಪರಿಹಾರ ಕೈತಪ್ಪಬಹುದು.

ಈ ಕಂಟೈನರಿನ ಮಟ್ಟಿಗೆ ನನ್ನ ಸಲಹೆ ಹೀಗಿದೆ. ಡಾಲರಿನಲ್ಲೇ ಡಿಸ್ಕೌಂಟ್ ಮಾಡಿಸಿ, ಆದರೆ ಮೂರು ತಿಂಗಳ ಪ್ರೀಮಿಯಂ 65 ಪೈಸೆಗಿಂತ ಕಡಿಮೆ ಇದೆ, ರೂಪಾಯಿ ಸಾಲಕ್ಕೆ ಸಹಾಯಧನ ಇಲ್ಲ, ವಿನಿಮಯದ ಮಾರ್ಜಿನ್ ಐದಾರು ಪೈಸೆ ದಾಟುವುದಿಲ್ಲ ಎಂಬ ಮೂರನ್ನೂ ಖಚಿತಪಡಿಸಿಕೊಂಡ ಮೇಲೆ. ದಾಖಲೆಗಳನ್ನು ರಫ್ತಿನ ದಿನದಿಂದ 21 ದಿನದೊಳಗೆ ಬ್ಯಾಂಕಿಗೆ ಕೊಡಬೇಕೆಂಬ ನಿಯಮ ಇದೆ, ನೀವು ಅಷ್ಟು ಕಾಯದೆ ಬಿಲ್ ಆಫ್ ಲೇಡಿಂಗ್ ಸಿಕ್ಕ ಮರುದಿನವೇ ಕೊಡಿ, ಏಕೆಂದರೆ ಕೊಡುವ ತನಕದ ಪ್ರತಿ ದಿನವೂ ದರ ನಿಮ್ಮ ತಲೆಯ ಮೇಲೆಯೇ. ಕ್ರಿಸ್ಟಲೈಸೇಶನ್ 30ನೇ ದಿನ ಎಂದು ಬ್ಯಾಂಕು ಹೇಳಿದರೆ ಅದನ್ನು 60ಕ್ಕೆ ಏರಿಸಲು ಮಂಜೂರಾತಿಯ ಹೊತ್ತಿನಲ್ಲೇ ಕೇಳಿ. ಒಪ್ಪದಿದ್ದರೆ, ಮತ್ತು ಖರೀದಿದಾರರು ಈ ಸಲವೂ ದಿನಾಂಕದ ಬಗ್ಗೆ ನೇರವಾಗಿ ಉತ್ತರಿಸದಿದ್ದರೆ, ಡಿಸ್ಕೌಂಟಿನ ಮೊತ್ತವನ್ನೇ ಕಡಿಮೆ ಮಾಡಿ. ಒಂದು ಲಕ್ಷದ ಬದಲು 70,000 ಡಾಲರ್ ತೆಗೆದರೆ ಕ್ರಿಸ್ಟಲೈಸ್ ಆದರೂ ಪೆಟ್ಟು ಬೀಳುವುದು ಅಷ್ಟಕ್ಕೆ ಮಾತ್ರ, ಮಿಕ್ಕ 35,000 ಡಾಲರ್ ಬಂದ ದಿನದ ದರಕ್ಕೆ ನಿಮ್ಮದೇ.